ಮಾಡಿನ ಒಳಮೂಲೆಯಲ್ಲಿ ನೀರು ಉಕ್ಕುತ್ತಿದೆಯಾ? ದಂಬೆ ಬದಲಿಸುವ ಮೊದಲು ಇಷ್ಟು ನೋಡಿ

ಪುತ್ತೂರಿನ ಹತ್ತಿರ ನಮ್ಮ ಭಾವನ ಮನೆ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಹಂಚಿನ ಮಾಡು. ಎರಡು ಮಾಡು ಸೇರುವ ಒಳಮೂಲೆ ಸರಿಯಾಗಿ ಅಂಗಳದ ಮೆಟ್ಟಿಲ ಮೇಲೆ ಬರುತ್ತದೆ. ಜುಲೈ ಮಳೆ ಜೋರಾದಾಗೆಲ್ಲ ಆ ಮೂಲೆಯಿಂದ ನೀರು ದಂಬೆ ದಾಟಿ ಧಡಧಡ ಬೀಳುತ್ತಿತ್ತು. ಮೆಟ್ಟಿಲಲ್ಲಿ ಪಾಚಿ, ಗೋಡೆಯಲ್ಲಿ ತೇವ, ಚಪ್ಪಲಿ ಇಡಲು ಜಾಗ ಇಲ್ಲ. ದಂಬೆ ಅಂದರೆ ಇಲ್ಲಿ ಅಡಿಕೆ ಮರ ಸೀಳಿ ಮಾಡಿದ್ದಲ್ಲ. ಆ ಹೆಸರು ಉಳಿದಿದೆ, ವಸ್ತು ಈಗ ಆರಿಂಚಿನ ಅರ್ಧ ವೃತ್ತದ ಪಿವಿಸಿ. ಅಂಗಡಿಯವರು ಗಟರ್ ಅನ್ನುತ್ತಾರೆ.

ನಾನು ಹೋದಾಗ ಭಾವ ನಿರ್ಧಾರ ಮಾಡಿ ಆಗಿತ್ತು.

"ಎಂಟಿಂಚಿನದ್ದು ಹಾಕಿದರೆ ಆಯ್ತಲ್ಲ ಭಾವ? ಫ್ಯಾಬ್ರಿಕೇಶನಿನವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ."

"ಒಂದು ಮಳೆ ಬರಲಿ, ನೋಡಿ ಹೇಳ್ತೇನೆ," ಅಂದೆ.

ನೀರು ಉಕ್ಕುವುದನ್ನು ಕಂಡ ಕೂಡಲೇ ದಂಬೆ ಸಣ್ಣದು ಅಂತ ತೀರ್ಮಾನಿಸುವುದು ಸಹಜ. ಆದರೆ ನೀರು ಮಾಡಿನಿಂದ ನೆಲಕ್ಕೆ ಬರುವ ದಾರಿಯಲ್ಲಿ ನಾಲ್ಕು ಕಡೆ ಇಕ್ಕಟ್ಟು ಇರುತ್ತದೆ. ಒಳಮೂಲೆಯ ತಗಡು, ದಂಬೆ, ದಂಬೆಯಿಂದ ಪೈಪಿಗೆ ಇಳಿಯುವ ತೂತು, ಕೊನೆಗೆ ಪೈಪು. ಇವುಗಳಲ್ಲಿ ಯಾವುದು ಕಟ್ಟಿಕೊಂಡಿದೆ ಅನ್ನುವುದು ಮಳೆಯ ಹೊತ್ತಿನಲ್ಲೇ ಕಣ್ಣಿಗೆ ಕಾಣುತ್ತದೆ. ಬಿಸಿಲಲ್ಲಿ ಏಣಿ ಹತ್ತಿ ನೋಡಿದರೆ ಕಾಣುವುದು ಎಲೆ ಮಾತ್ರ.

ಕೊಡೆ ಹಿಡಿದು ನಿಂತು ನೋಡುವುದು

ಮಳೆ ಜೋರಾಗಿ ಹೊಡೆಯುವ ಐದು ನಿಮಿಷ ಸಾಕು. ಮೊದಲು ನೋಡಬೇಕಾದದ್ದು ನೀರು ದಂಬೆಯನ್ನು ಎಲ್ಲಿ ದಾಟುತ್ತಿದೆ ಅಂತ. ಉದ್ದಕ್ಕೂ ದಾಟುತ್ತಿದ್ದರೆ, ಅದರಲ್ಲೂ ಪೈಪಿನ ತೂತಿನ ನೇರ ಮೇಲೆಯೇ ತುಂಬಿ ತುಳುಕುತ್ತಿದ್ದರೆ, ನೀರಿಗೆ ಕೆಳಗಿಳಿಯಲು ದಾರಿ ಸಾಲದು. ಆಗ ತಪ್ಪು ತೂತಿನದ್ದು ಅಥವಾ ಪೈಪಿನದ್ದು. ತೂತಿನ ಹತ್ತಿರ ನೀರು ಕೆಳಮಟ್ಟದಲ್ಲಿದ್ದು ದೂರದಲ್ಲಿ ತುಂಬಿದ್ದರೆ ದಂಬೆಯ ಇಳಿಜಾರು ತಪ್ಪಿದೆ, ಇಲ್ಲವೇ ಮಧ್ಯೆ ಏನೋ ಅಡ್ಡ ಬಿದ್ದಿದೆ, ಅಥವಾ ದಂಬೆ ನಿಜವಾಗಿಯೂ ಸಣ್ಣದು. ದಂಬೆ ಅರ್ಧ ಖಾಲಿ ಇದ್ದೂ ಮೂಲೆಯಲ್ಲಿ ಮಾತ್ರ ನೀರು ಹಾರಿ ಹೊರಗೆ ಬೀಳುತ್ತಿದ್ದರೆ ಅದು ತುಂಬಿ ಉಕ್ಕುವುದಲ್ಲ. ಒಳಮೂಲೆಯ ನೀರು ರಭಸದಲ್ಲಿ ದಂಬೆಯನ್ನು ಹಾರಿ ಹೋಗುತ್ತಿದೆ. ಇದಕ್ಕೆ ಎಷ್ಟು ದೊಡ್ಡ ಪೈಪು ಹಾಕಿದರೂ ಪ್ರಯೋಜನ ಇಲ್ಲ.

ಆಮೇಲೆ ಪೈಪಿನ ಬುಡ ನೋಡಿ. ಮೇಲೆ ದಂಬೆ ತುಂಬಿ ತುಳುಕುತ್ತಿದೆ, ಕೆಳಗೆ ಸಣ್ಣ ಧಾರೆ ಬರುತ್ತಿದೆ ಅಂದರೆ ಮೇಲಿನ ತೂತಿನಲ್ಲೋ ಬೆಂಡಿನಲ್ಲೋ ಕಸ ಸಿಕ್ಕಿಕೊಂಡಿದೆ. ಕೆಳಗೂ ರಭಸದಿಂದ ಬರುತ್ತಿದೆ ಅಂದರೆ ಕಸ ಇಲ್ಲ, ಅಳತೆಯೇ ಸಾಲದು. ಪೈಪು ನೆಲದೊಳಗೆ ಹೋಗಿ ಇಂಗುಗುಂಡಿಗೋ ಮಳೆ ನೀರಿನ ಫಿಲ್ಟರಿಗೋ ಸೇರಿದ್ದರೆ ಬುಡದ ಜಾಯಿಂಟ್ ಬಿಚ್ಚಿ ನೀರನ್ನು ಅಂಗಳಕ್ಕೆ ಬಿಟ್ಟು ನೋಡಿ. ಬಿಚ್ಚಿದ ಕೂಡಲೇ ಮೇಲಿನ ಉಕ್ಕು ನಿಂತರೆ ದೋಷ ಮಾಡಿನಲ್ಲಿ ಇಲ್ಲವೇ ಇಲ್ಲ, ನೆಲದೊಳಗೆ ಇದೆ.

ಭಾವನ ಮನೆಯಲ್ಲಿ ಎರಡು ದೋಷ ಒಟ್ಟಿಗೆ ಇದ್ದವು. ಮಳೆ ಸ್ವಲ್ಪ ಜೋರಾದಾಗ ದಂಬೆ ಇನ್ನೂ ಅರ್ಧ ಖಾಲಿ ಇತ್ತು, ಆದರೆ ಮೂಲೆಯ ನೀರು ಆಗಲೇ ಹಾರುತ್ತಿತ್ತು. ಮಳೆ ಇನ್ನೂ ಬಲವಾದ ಮೇಲೆ ಪೈಪಿನ ಕಡೆಯಿಂದ ನೀರು ಹಿಂದಕ್ಕೆ ತುಂಬುತ್ತಾ ಬಂದು ಇಡೀ ದಂಬೆ ತುಳುಕಿತು. ಬುಡದಲ್ಲಿ ಧಾರೆ ರಭಸವಾಗಿಯೇ ಇತ್ತು. ಕಸ ಇರಲಿಲ್ಲ.

ಎಷ್ಟು ನೀರು ಅಂತ ಲೆಕ್ಕ

ದಿನಕ್ಕೆ ಎಷ್ಟು ಮಳೆ ಬಿತ್ತು ಅನ್ನುವ ಪೇಪರಿನ ಅಂಕಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಡೀ ದಿನ ಸುರಿದ 200 ಮಿ.ಮೀ. ಮಳೆಯನ್ನು ಸಣ್ಣ ದಂಬೆಯೂ ಆರಾಮಾಗಿ ಸಾಗಿಸುತ್ತದೆ. ಅದನ್ನು ಸೋಲಿಸುವುದು ಐದು ನಿಮಿಷದ ಹೊಡೆತ. ಕರಾವಳಿ, ಮಲೆನಾಡಿನ ಮನೆಗಳಿಗೆ ನಾನು ನಿಮಿಷಕ್ಕೆ 3 ಮಿ.ಮೀ. ಅಂತ ಹಿಡಿಯುತ್ತೇನೆ. ಅಂದರೆ ಗಂಟೆಗೆ 180 ಮಿ.ಮೀ. ವೇಗ. ಅಷ್ಟು ಮಳೆ ಗಂಟೆಯಿಡೀ ಬರಬೇಕೆಂದಿಲ್ಲ, ಐದು ನಿಮಿಷ ಬಂದರೂ ಉಕ್ಕಬಾರದು ಅಲ್ವಾ.

ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಹಾಗಾಗಿ ನಿಮಿಷಕ್ಕೆ 3 ಮಿ.ಮೀ. ಮಳೆಗೆ 20 ಚದರ ಮೀಟರ್ ಮಾಡಿನಿಂದ ನಿಮಿಷಕ್ಕೆ 60 ಲೀಟರ್, ಅಂದರೆ ಸೆಕೆಂಡಿಗೆ 1 ಲೀಟರ್ ಬರುತ್ತದೆ. ನೆನಪಿಡಲು ಸುಲಭ. ಮಾಡಿನ ವಿಸ್ತೀರ್ಣವನ್ನು 20ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಲೀಟರ್ ಅಂತ ಸಿಗುತ್ತದೆ.

ವಿಸ್ತೀರ್ಣ ಅಂದರೆ ಹಂಚಿನ ಮೇಲೆ ಟೇಪು ಹಿಡಿದ ಅಳತೆಯಲ್ಲ, ನೆಲದ ಮೇಲೆ ಮಾಡು ಮುಚ್ಚುವ ಜಾಗ. ಆದರೆ ಗಾಳಿ ಮಳೆಯನ್ನು ಓರೆಯಾಗಿ ತಂದು ಇಳಿಜಾರಿಗೆ ಬಡಿಯುತ್ತದೆ. ಅದಕ್ಕಾಗಿ ನೆತ್ತಿಯಿಂದ ಅಂಚಿನವರೆಗಿನ ನೆಲದ ಅಳತೆಗೆ ಮಾಡಿನ ಎತ್ತರದ ಅರ್ಧವನ್ನು ಸೇರಿಸುವುದು ರೂಢಿ. 30 ಡಿಗ್ರಿ ಇಳಿಜಾರಿನ ಹಂಚಿನ ಮಾಡಿಗೆ ಇದು ಹತ್ತಿರ ಹತ್ತಿರ 1.3 ಪಟ್ಟು ಆಗುತ್ತದೆ. ಭಾವನ ಮನೆಯ ಒಂದು ಮಾಡು ದಕ್ಷಿಣಕ್ಕೆ, ಇನ್ನೊಂದು ಪಶ್ಚಿಮಕ್ಕೆ ಮುಖ ಮಾಡಿದೆ. ನೈಋತ್ಯ ಮುಂಗಾರಿನ ಗಾಳಿ ಸೀದಾ ಆ ಒಳಮೂಲೆಗೇ ನುಗ್ಗುತ್ತದೆ. ಇಲ್ಲಿ 1.3 ಬಿಡುವಂತಿಲ್ಲ.

ಈಗ ಅಳತೆ. ಎರಡೂ ಮಾಡು ನೆತ್ತಿಯಿಂದ ಅಂಚಿನವರೆಗೆ ನೆಲದ ಮೇಲೆ 4 ಮೀಟರ್. ಮುಖ್ಯ ಮಾಡಿನ ಅಂಚು 7 ಮೀಟರ್ ಉದ್ದ, ಅಡ್ಡ ಮಾಡಿನದ್ದು 6 ಮೀಟರ್. ಅಂಚಿಗೆ ನೇರವಾಗಿ ಬರುವ ನೀರು 28 ಮತ್ತು 24 ಚದರ ಮೀಟರಿನದ್ದು. ಒಳಮೂಲೆಗೆ ಎರಡೂ ಕಡೆಯಿಂದ ಒಂದೊಂದು ತ್ರಿಕೋನ ಸೇರಿ 4 ಮೀಟರಿನ ಒಂದು ಚೌಕದ ನೀರು, ಅಂದರೆ 16 ಚದರ ಮೀಟರ್. ಒಟ್ಟು 68. ಗಾಳಿ ಸೇರಿಸಿದರೆ 88. ಇದನ್ನು 20ರಿಂದ ಭಾಗಿಸಿದರೆ ಸೆಕೆಂಡಿಗೆ 4.4 ಲೀಟರ್.

ಇಷ್ಟೂ ನೀರು ಹೋಗುತ್ತಿದ್ದದ್ದು ಒಂದೇ ಕಡೆಗೆ. ಮುಖ್ಯ ಮಾಡಿನ ದಂಬೆ ಮೂಲೆಗೆ ಇಳಿದು, ಅಲ್ಲಿ ತಿರುಗಿ, ಅಡ್ಡ ಮಾಡಿನ ದಂಬೆಯ ಕೊನೆಯಲ್ಲಿದ್ದ ಒಂದೇ ಒಂದು ಮೂರಿಂಚಿನ ಪೈಪಿಗೆ ಬೀಳುತ್ತಿತ್ತು.

ಎಂಟಿಂಚಿನ ದಂಬೆ ಏಕೆ ಸಾಲುತ್ತಿರಲಿಲ್ಲ

ದಂಬೆ ಸಾಗಿಸುವ ನೀರನ್ನು ನಾನು ಲೆಕ್ಕ ಹಾಕುವುದು ಯುರೋಪಿನ EN 12056-3 ಮಾನದಂಡದ ಸೂತ್ರದಲ್ಲಿ. ಸಮತಟ್ಟಾಗಿ ಕೂತ ಆರಿಂಚಿನ ಅರ್ಧ ವೃತ್ತದ ದಂಬೆ ಸೆಕೆಂಡಿಗೆ ಸುಮಾರು 2.1 ಲೀಟರ್ ಒಯ್ಯುತ್ತದೆ. ಎಂಟಿಂಚಿನದ್ದು 4.4. ಸಂಖ್ಯೆ ನೋಡಿದ ಭಾವನ ಮುಖ ಅರಳಿತು. ಬೇಕಾದದ್ದು 4.4, ಸಿಗುವುದು 4.4.

ಆದರೆ ಮೂಲೆಯ ತಿರುವಿನಲ್ಲಿ ನೀರು ತಡೆಯುತ್ತದೆ. ತಿರುವಿದ್ದರೆ ಅದೇ ಮಾನದಂಡ 0.85ರಿಂದ ಗುಣಿಸಲು ಹೇಳುತ್ತದೆ. ಅಲ್ಲಿಗೆ 3.7ಕ್ಕೆ ಇಳಿಯಿತು. ಅದು ಹೋಗಲಿ, ನಿಜವಾದ ಇಕ್ಕಟ್ಟು ತೂತು. ತೂತಿನೊಳಗೆ ಎಷ್ಟು ನೀರು ಇಳಿಯುತ್ತದೆ ಅನ್ನುವುದು ಅದರ ಅಗಲದ ಜೊತೆಗೆ ಅದರ ಮೇಲೆ ಎಷ್ಟು ಆಳದ ನೀರು ನಿಂತಿದೆ ಅನ್ನುವುದರ ಮೇಲೆ ಹೋಗುತ್ತದೆ. ಆರಿಂಚಿನ ದಂಬೆ ಮೂರಿಂಚು ಆಳ. ತೂತಿನ ಹತ್ತಿರ ನೀರು ಜಾರಿ ತಗ್ಗುವುದರಿಂದ ಅಲ್ಲಿ ನಿಲ್ಲುವುದು ಮೂರೂವರೆ ಸೆಂಟಿಮೀಟರ್ ಅಷ್ಟೆ. ಅಷ್ಟು ನೀರಿಗೆ ಮೂರಿಂಚಿನ ತೂತು ಸೆಕೆಂಡಿಗೆ 2 ಲೀಟರ್ ನುಂಗುತ್ತದೆ, ನಾಲ್ಕಿಂಚಿನದ್ದು 2.8. ಎಂಟಿಂಚಿನ ದಂಬೆ ಹಾಕಿ ಹಳೆಯ ಮೂರಿಂಚಿನ ಪೈಪೇ ಇಟ್ಟುಕೊಂಡಿದ್ದರೆ ಆಗುತ್ತಿದ್ದದ್ದು 2.6. ಬರುವ ನೀರು 4.4. ದುಡ್ಡು ಖರ್ಚಾಗುತ್ತಿತ್ತು, ಮೆಟ್ಟಿಲು ಒದ್ದೆಯೇ ಇರುತ್ತಿತ್ತು.

ತೂತಿನ ಮೇಲೆ ಎಲೆ ತಡೆಯಲು ಇಡುವ ಚಪ್ಪಟೆ ಜಾಲರಿಯ ಬಗ್ಗೆಯೂ ಒಂದು ಮಾತು. ಜಾಲರಿ ಇದ್ದರೆ ತೂತಿನ ಸಾಮರ್ಥ್ಯ ಅರ್ಧ ಅಂತ ಹಿಡಿಯಬೇಕು. ಒಂದು ಹಲಸಿನ ಎಲೆ ಅಂಟಿಕೊಂಡರೆ ಆ ಅರ್ಧವೂ ಇಲ್ಲ. ಭಾವನ ಮನೆಯಲ್ಲಿ ಜಾಲರಿ ಇರಲಿಲ್ಲ, ಪುಣ್ಯ. ಹಾಕಲೇಬೇಕೆಂದರೆ ಚೆಂಡಿನ ಹಾಗೆ ಮೇಲಕ್ಕೆ ಉಬ್ಬಿದ ತಂತಿ ಜಾಲರಿ ಹಾಕಿ. ಬುಡದಲ್ಲಿ ಎಲೆ ಕೂತರೂ ನೆತ್ತಿಯಿಂದ ನೀರು ಇಳಿಯುತ್ತದೆ.

ಒಳಮೂಲೆಯನ್ನು ಬೇರೆಯಾಗಿ ಪರೀಕ್ಷಿಸುವುದು

ಮಾಡಿನ ಅಂಚಿನ ಒಂದು ಮೀಟರಿನಿಂದ ಬರುವುದು 4 ಚದರ ಮೀಟರಿನ ನೀರು. ಒಳಮೂಲೆಯಲ್ಲಿ 16 ಚದರ ಮೀಟರಿನ ನೀರು ಒಂದು ಗೇಣು ಅಗಲದಲ್ಲಿ ಬಂದು ಬೀಳುತ್ತದೆ. ಗಾಳಿ ಸೇರಿಸಿ 21 ಅಂತ ಹಿಡಿದರೆ ಸೆಕೆಂಡಿಗೆ 1 ಲೀಟರ್. ಅದೂ ಸುಮಾರು ಆರು ಮೀಟರ್ ಉದ್ದದ ತಗಡಿನ ಮೇಲೆ ಜಾರಿ ವೇಗ ಹಿಡಿದು ಬರುತ್ತದೆ. ದಂಬೆಯ ಹೊರ ಅಂಚು ಆ ಜಾಗದಲ್ಲಿ ಬರೀ ಮೂರಿಂಚು ಎತ್ತರ. ಹಾರದೆ ಏನು ಮಾಡೀತು?

ಮಳೆಗೆ ಕಾಯದೆ ಇದನ್ನು ಪರೀಕ್ಷಿಸಬಹುದು. ಮನೆಯ ನಲ್ಲಿ ಪೈಪು ಸಾಲದು. ತೋಟದ ಪಂಪಿನ ಪೈಪು ತನ್ನಿ. ಮೊದಲು ನೆಲದಲ್ಲೇ 20 ಲೀಟರ್ ಬಕೆಟ್ ಇಟ್ಟು, 20 ಸೆಕೆಂಡಿಗೆ ತುಂಬುವ ಹಾಗೆ ಗೇಟ್‌ವಾಲ್ವ್ ತಿರುಗಿಸಿಕೊಳ್ಳಿ. ಅದು ಸರಿಯಾಗಿ ಸೆಕೆಂಡಿಗೆ 1 ಲೀಟರ್. ಆಮೇಲೆ ಪೈಪಿನ ಬಾಯಿಗೆ ಗೋಣಿ ಸುತ್ತಿ, ರಭಸ ಮುರಿದು, ಒಳಮೂಲೆಯ ತಗಡಿನ ಮೇಲ್ಭಾಗದಲ್ಲಿ ಬಿಡಿ. ಮಾಡಿನ ನೀರು ಜಾರುವ ಹಾಗೆಯೇ ಜಾರಬೇಕು, ಪಂಪಿನ ಒತ್ತಡ ಸೇರಬಾರದು. ಒದ್ದೆ ಹಂಚಿನ ಮೇಲೆ ಕಾಲಿಡಬೇಡಿ, ಏಣಿಯಿಂದಲೇ ಮಾಡಿ.

ಈಗ ಎರಡು ಜಾಗ ನೋಡಿ. ಕೆಳಗೆ ದಂಬೆಯಲ್ಲಿ ನೀರು ನಿಲ್ಲುತ್ತದೆಯೋ ಹಾರುತ್ತದೆಯೋ ಅಂತ ಒಂದು. ಇನ್ನೊಂದು, ಒಬ್ಬರು ಅಟ್ಟದೊಳಗೆ ಟಾರ್ಚ್ ಹಿಡಿದು ಒಳಮೂಲೆಯ ಪಕ್ಕಾಸು ನೋಡಬೇಕು. ಅಲ್ಲಿ ತೊಟ್ಟಿಕ್ಕಿದರೆ ನೀರು ತಗಡಿನ ಬದಿಯಿಂದ ಹಂಚಿನ ಅಡಿಗೆ ಏರುತ್ತಿದೆ. ಇದಕ್ಕೆ ಸಾಮಾನ್ಯ ಕಾರಣ ಮೇಸ್ತ್ರಿಯ ಅತಿ ಉತ್ಸಾಹ. ಕತ್ತರಿಸಿದ ಹಂಚಿನ ಅಂಚು ಚೆಂದ ಕಾಣಲಿ ಅಂತ ಎರಡೂ ಕಡೆ ಸಿಮೆಂಟ್ ತುಂಬುತ್ತಾರೆ. ಮಧ್ಯೆ ಉಳಿಯುವುದು ಎರಡು ಬೆರಳಿನ ಸಂದು. ಅಲ್ಲಿ ಒಂದು ಒಣ ಅಡಿಕೆ ಸೋಗೆಯ ಎಸಳು ಅಡ್ಡ ಬಿದ್ದರೆ ಅದೇ ಅಣೆಕಟ್ಟು. ಹಂಚಿನ ಎರಡು ಅಂಚುಗಳ ಮಧ್ಯೆ ತಗಡು ಕನಿಷ್ಠ ನಾಲ್ಕಿಂಚು ಬಯಲಾಗಿ ಕಾಣಬೇಕು. ತಗಡು ಎರಡೂ ಕಡೆ ಹಂಚಿನ ಅಡಿಗೆ ಒಂದು ಗೇಣಿನಷ್ಟು ಹೋಗಿರಬೇಕು, ಅದರ ತುದಿ ಮೇಲಕ್ಕೆ ಮಡಚಿರಬೇಕು. ಆ ಮಡಿಕೆ ಇಲ್ಲದಿದ್ದರೆ ಎಷ್ಟು ಅಗಲದ ತಗಡಾದರೂ ಒಂದು ದಿನ ಸೋರುತ್ತದೆ.

ಹಳೆಯ ತೊಟ್ಟಿ ಮನೆಗಳಲ್ಲಿ ಇಂಥ ಒಳಮೂಲೆ ನಾಲ್ಕು ಇರುತ್ತವೆ. ಆ ಕಾಲದ ಬಡಗಿಗಳು ಮೂಲೆಯ ನೀರನ್ನು ಹಿಡಿಯಲು ಹೋಗಲೇ ಇಲ್ಲ. ಅಂಗಳದ ಮಧ್ಯಕ್ಕೆ ಹಾರಲು ಬಿಟ್ಟರು. ಮೆಟ್ಟಿಲು ಇಲ್ಲದ ಕಡೆ ಅದು ಈಗಲೂ ಒಳ್ಳೆಯ ಉಪಾಯವೇ.

ಮಾಡಿದ ರಿಪೇರಿ

ಭಾವನ ಮನೆಯಲ್ಲಿ ದಂಬೆ ಬದಲಿಸಲಿಲ್ಲ. ನೀರನ್ನು ಮೂರು ಪಾಲು ಮಾಡಿದೆವು.

ಮುಖ್ಯ ಮಾಡಿನ ದಂಬೆಯನ್ನು ಮೂಲೆಯಿಂದ ಬೇರೆ ಮಾಡಿ ಇಳಿಜಾರನ್ನು ತಿರುಗಿಸಿದೆವು. ಈಗ ಅದು ಪಶ್ಚಿಮದ ಕೊನೆಗೆ ಹರಿಯುತ್ತದೆ. ಅಲ್ಲೊಂದು ಹೊಸ ನಾಲ್ಕಿಂಚಿನ ಪೈಪು. ಅದಕ್ಕೆ ಬರುವುದು ಸೆಕೆಂಡಿಗೆ 1.8 ಲೀಟರ್. ಅಡ್ಡ ಮಾಡಿನ ದಂಬೆಗೆ ಅದರದ್ದೇ 1.6 ಲೀಟರ್ ಮಾತ್ರ ಉಳಿಯಿತು. ಆರಿಂಚಿನ ದಂಬೆಯ 2.1 ಎರಡಕ್ಕೂ ಸಾಕು. ಹಳೆಯ ಮೂರಿಂಚಿನ ಪೈಪನ್ನು ನಾಲ್ಕಿಂಚಿಗೆ ಏರಿಸಿದ್ದು ಎಲೆಯ ಭಯಕ್ಕೆ. ಇಳಿಜಾರು ಮೀಟರಿಗೆ 5 ಮಿ.ಮೀ., ಟ್ಯೂಬ್ ಲೆವೆಲ್ ಹಿಡಿದು ದಾರ ಕಟ್ಟಿ ಮಾಡಿದ್ದು. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಹಂಚಿನ ಅಂಚೇ ನೇರ ಇರುವುದಿಲ್ಲ. ಕೊಂಡಿಗಳನ್ನು ಎರಡಡಿಗೆ ಒಂದರಂತೆ ಹತ್ತಿರ ಮಾಡಿದೆವು. ತುಂಬಿದ ಆರಿಂಚಿನ ದಂಬೆಯಲ್ಲಿ ಮೀಟರಿಗೆ ಸುಮಾರು 9 ಕೆ.ಜಿ. ನೀರು ಇರುತ್ತದೆ. ಕೊಂಡಿ ದೂರ ಇದ್ದರೆ ಮಧ್ಯೆ ಜೋಲುತ್ತದೆ, ಜೋತಲ್ಲಿ ಉಕ್ಕುತ್ತದೆ.

ಮೂಲೆಗೆ ಒಂದು ಪೆಟ್ಟಿಗೆ. ಒಂದಡಿ ಉದ್ದ, ಒಂದಡಿ ಅಗಲ, ಎಂಟಿಂಚು ಆಳದ ಜಿಐ ತಗಡಿನ ಪೆಟ್ಟಿಗೆ. ಒಳಮೂಲೆಯ ತಗಡಿನ ತುದಿ ನೇರ ಇದರೊಳಗೆ ಬರುತ್ತದೆ. ಬುಡದಲ್ಲಿ ನಾಲ್ಕಿಂಚಿನ ತೂತು, ಅದರ ಕೆಳಗೆ ಸ್ವಂತ ಪೈಪು. ಹೊರಗಿನ ಎರಡು ಬದಿಯ ತಗಡು ಉಳಿದದ್ದಕ್ಕಿಂತ ಆರಿಂಚು ಎತ್ತರ. ಹಾರಿ ಬರುವ ನೀರು ಅದಕ್ಕೆ ಬಡಿದು ಒಳಗೆ ಬೀಳುತ್ತದೆ. ಹಾರುವ ದೋಷ ಮಾತ್ರ ಇದ್ದಿದ್ದರೆ ದಂಬೆಯ ಮೂಲೆಗೆ ಇಂಥ ಒಂದು ಎತ್ತರದ ತಗಡು ಸಿಕ್ಕಿಸಿದರೂ ಆಗುತ್ತಿತ್ತು. ಆದರೆ ಬರೀ ತಗಡು ಸಿಕ್ಕಿಸಿ ದಂಬೆ ತುಂಬಿಯೇ ಇದ್ದರೆ ನೀರು ಹಿಂದೆ ಗೋಡೆಗೆ ಹೋಗುತ್ತದೆ. ಅದು ಇನ್ನೂ ಕೆಟ್ಟದ್ದು.

ಪೆಟ್ಟಿಗೆಯ ಗುಟ್ಟು ಅದರ ಆಳ. ದಂಬೆಯಲ್ಲಿ ಮೂರೂವರೆ ಸೆಂಟಿಮೀಟರ್ ನೀರು ನಿಂತಾಗ 2.8 ಲೀಟರ್ ನುಂಗುವ ಅದೇ ನಾಲ್ಕಿಂಚಿನ ತೂತು, ಮೇಲೆ 15 ಸೆಂಟಿಮೀಟರ್ ನೀರು ನಿಂತರೆ 8 ಲೀಟರ್ ನುಂಗುತ್ತದೆ. ನಮ್ಮ ಮೂಲೆಗೆ ಬೇಕಾದದ್ದು ಬರೀ 1. ಅಷ್ಟು ಧಾರಾಳ ಏಕೆ ಅಂದರೆ ಮೂಲೆಯ ಪೈಪಿಗೆ ಎಲೆ ಜಾಸ್ತಿ. ಎರಡು ಮಾಡಿನ ಕಸವೂ ಅಲ್ಲಿಗೇ ಬರುತ್ತದೆ.

ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪಟ್ಟಿ ಇದಕ್ಕಿಂತ ತುಂಬಾ ಕಟ್ಟುನಿಟ್ಟು. ಗಂಟೆಗೆ 100 ಮಿ.ಮೀ. ಮಳೆಗೆ ನಾಲ್ಕಿಂಚಿನ ಪೈಪು ಸುಮಾರು 43 ಚದರ ಮೀಟರಿಗೆ ಸಾಕು ಅನ್ನುತ್ತದೆ, 200 ಮಿ.ಮೀ. ಮಳೆಗೆ ಅದರ ಅರ್ಧ. ಆ ಪ್ರಕಾರ ನಮ್ಮ ಉದ್ದದ ದಂಬೆಗೆ ಎರಡು ಪೈಪು ಬೇಕು. ನಾನು ಒಂದಕ್ಕೇ ಒಪ್ಪಿದ್ದು ಅಲ್ಲಿ ಉಕ್ಕಿದರೂ ನೀರು ತೋಟದ ಕಡೆ ಬೀಳುತ್ತದೆ ಅಂತ. ಮೂಲೆಯಲ್ಲಿ ಮಾತ್ರ ಪಟ್ಟಿಯನ್ನು ಮೀರಲಿಲ್ಲ. 16 ಚದರ ಮೀಟರ್ ಇದ್ದರೂ ಗಾಳಿ ಸೇರಿ 21 ಇದ್ದರೂ ನಾಲ್ಕಿಂಚಿನ ಒಂದು ಪೈಪಿನ ಪಾಲಿನೊಳಗೇ ಬರುತ್ತದೆ.

ಕೊನೆಯದಾಗಿ ಎರಡು ಸಣ್ಣ ಕೆಲಸ. ದಂಬೆಯ ಹೊರ ಅಂಚು ಗೋಡೆ ಕಡೆಯ ಅಂಚಿಗಿಂತ ಒಂದು ಸೆಂಟಿಮೀಟರ್ ತಗ್ಗಿನಲ್ಲಿರಲಿ. ಉಕ್ಕಿದರೆ ಹೊರಗೆ ಉಕ್ಕಲಿ. ಪೆಟ್ಟಿಗೆಯ ಹೊರ ಬದಿಯಲ್ಲೂ, ಒಳಮೂಲೆಯ ತಗಡಿನ ತುದಿಗಿಂತ ಎರಡಿಂಚು ಕೆಳಗೆ, ಒಂದು ಸೀಳು ಮಾಡಿ ಗಿಡ್ಡ ನಾಲಿಗೆ ಹೊರಗೆ ಚಾಚಿಸಿದೆವು. ಅದರಲ್ಲಿ ನೀರು ಬಂದರೆ ಕೆಳಗಿನ ತೂತು ಕಟ್ಟಿಕೊಂಡಿದೆ ಅಂತ ಅರ್ಥ. ಅದು ಮೆಟ್ಟಿಲ ಬದಿಯ ದಾಸವಾಳದ ಬುಡಕ್ಕೆ ಬೀಳುವ ಹಾಗೆ ಇಟ್ಟೆವು.

ಆ ವರ್ಷ ಉಳಿದ ಮಳೆಗಾಲ ಮೆಟ್ಟಿಲು ಒಣಗಿಯೇ ಇತ್ತು. ಆಗಸ್ಟಿನ ಒಂದು ರಾತ್ರಿ ಭಾವನ ಫೋನ್ ಬಂತು.

"ನಾಲಿಗೆಯಲ್ಲಿ ನೀರು ಬರ್ತಾ ಉಂಟು ಭಾವ!"

"ಬೆಳಿಗ್ಗೆ ಪೆಟ್ಟಿಗೆಗೆ ಕೈ ಹಾಕಿ ನೋಡಿ," ಅಂದೆ.

ಬೆಳಿಗ್ಗೆ ಫೋಟೋ ಕಳಿಸಿದರು. ತೂತಿನ ಮೇಲೆ ಮುಚ್ಚಳದ ಹಾಗೆ ಮೂರು ಹಲಸಿನ ಎಲೆ.